ಮಿಲ್‌ಗ್ರಾಂ ಪ್ರಯೋಗದಲ್ಲಿ 65% ಜನ ಕೊನೆಯ ಸ್ವಿಚ್ ಒತ್ತಿದರಂತೆ. ಉಳಿದವರು ಎಲ್ಲಿ ನಿಂತರು, ಯಾಕೆ ನಿಂತರು?

ಸವಿತಾ, ಮೈಸೂರು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಆಫೀಸಿನಲ್ಲಿ ಎರಡು ದಿನ ಟ್ರೇನಿಂಗ್ ಇತ್ತು. ಬಂದಿದ್ದವರು ಮಿಲ್‌ಗ್ರಾಂ ಪ್ರಯೋಗದ ವಿಷಯ ಹೇಳಿದರು. ಅಮೆರಿಕದಲ್ಲಿ ಸಾಮಾನ್ಯ ಜನರನ್ನು ಕರೆದು ಕೂರಿಸಿ, ಪಕ್ಕದ ಕೋಣೆಯಲ್ಲಿರುವ ಮನುಷ್ಯ ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಶಾಕ್ ಕೊಡಿ ಅಂದರಂತೆ. ನೂರಕ್ಕೆ 65 ಜನ 450 ವೋಲ್ಟ್ ತನಕ ಕೊಟ್ಟರಂತೆ. "ದೊಡ್ಡವರು ಹೇಳಿದರೆ ಮನುಷ್ಯ ಯಾರನ್ನು ಬೇಕಾದರೂ ಸಾಯಿಸುತ್ತಾನೆ, ನಾವೆಲ್ಲ ಇಷ್ಟೇ" ಅಂತ ಹೇಳಿ ಊಟಕ್ಕೆ ಬಿಟ್ಟರು.

ನನಗೆ ಊಟ ಸೇರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಎರಡು ತಿಂಗಳ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗ್. ಪಾರ್ಕಿಂಗಿನಿಂದ ಒಂದು ಬೈಕ್ ಕಳುವಾಗಿತ್ತು. ರಾತ್ರಿ ಪಾಳಿಯ ವಾಚ್‌ಮನ್ ಗೇಟಿನಲ್ಲಿ ಇರಲಿಲ್ಲ, ಅವರನ್ನು ತೆಗೆಯಬೇಕು ಅಂತ ಸೆಕ್ರೆಟರಿ ಹೇಳಿದರು. ಒಪ್ಪುವವರು ಕೈ ಎತ್ತಿ ಅಂದರು. ಮುಂದಿನ ಸಾಲು ಎತ್ತಿತು, ಮಧ್ಯದವರು ಎತ್ತಿದರು, ನಾನೂ ಎತ್ತಿದೆ. ಆ ರಾತ್ರಿ ನಮ್ಮ ಮನೆಗೆ ನೀರು ಬರುತ್ತಿಲ್ಲ ಅಂತ ಫೋನ್ ಮಾಡಿ ಅವರನ್ನು ಹಿಂದುಗಡೆಯ ಪಂಪ್ ಹೌಸಿಗೆ ಕಳಿಸಿದ್ದು ನಾನು. ಅದು ನನಗೆ ಗೊತ್ತಿತ್ತು. ಆದರೂ ಕೈ ಮೇಲೆ ಹೋಯಿತು. ಆರು ವರ್ಷ ಕೆಲಸ ಮಾಡಿದ ಮನುಷ್ಯ ಮಾರನೇ ದಿನ ಬ್ಯಾಗು ಹಿಡಿದು ಹೋದರು.

ನನ್ನ ಪ್ರಶ್ನೆ ಇಷ್ಟು. ಆ 65% ನಿಜವಾ? ಒತ್ತದೆ ನಿಂತವರು ಇದ್ದರಲ್ಲ, ಅವರ ಬಗ್ಗೆ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಹೇಳಿ. ಅವರಲ್ಲಿ ಏನು ಬೇರೆ ಇತ್ತು?

ರಾಘು

ನಿಜ ಮೇಡಂ. ನಾನೂ ಓದಿದ್ದೇನೆ. ಆ ಮನುಷ್ಯ ಕಿರುಚ್ತಾ ಇದ್ದ, ನನ್ನ ಹೃದಯ ವೀಕು ಬಿಟ್ಟುಬಿಡಿ ಅಂತ ಬೇಡ್ತಾ ಇದ್ದ, ಆದರೂ 40 ಜನರಲ್ಲಿ 26 ಜನ ಒತ್ತಿದರು. ಸ್ಟ್ಯಾನ್‌ಫರ್ಡಿನ ಜೈಲು ಪ್ರಯೋಗದಲ್ಲೂ ಅದೇ ಆಯ್ತು. ಕಾವಲುಗಾರನ ಯೂನಿಫಾರ್ಮ್ ಕೊಟ್ಟರೆ ಸಾಕು, ಒಳ್ಳೆ ಹುಡುಗರೇ ರಾಕ್ಷಸರಾಗ್ತಾರೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಮಂಜಣ್ಣ, ತಿಪಟೂರು

ನಾನು ಲೈನ್‌ಮನ್ ಆಗಿ 22 ವರ್ಷ ಕೆಲಸ ಮಾಡಿದ್ದೇನೆ. 450 ವೋಲ್ಟ್ ಅಂದರೆ ಸಾಯಲೇಬೇಕು ಅಂತಿಲ್ಲ. ವೋಲ್ಟ್ ನೋಡಬಾರದು, ಮೈಯಲ್ಲಿ ಹರಿಯುವ ಕರೆಂಟ್ ಎಷ್ಟು, ಎಷ್ಟು ಹೊತ್ತು, ಎಲ್ಲಿಂದ ಎಲ್ಲಿಗೆ ಅನ್ನೋದು ಮುಖ್ಯ. ಕೈ ಒದ್ದೆ ಇದ್ದರೆ ಮನೆಯ 230 ವೋಲ್ಟೇ ಸಾಕು. ಆ ಮೆಷಿನ್ನಿನಲ್ಲಿ ಎಷ್ಟು ಮಿಲಿಆಂಪಿಯರ್ ಇತ್ತು?

ಅನನ್ಯ

ಅಣ್ಣಾ, ಕರೆಂಟೇ ಇರಲಿಲ್ಲ. ಅದು ನಾಟಕ. ಶಾಕ್ ತಿನ್ನುವವನು ಮೊದಲೇ ಸೇರಿಕೊಂಡಿದ್ದ ಮನುಷ್ಯ.

ನಾಗವೇಣಿ

ನಾನು ಕಾಲೇಜಿನಲ್ಲಿ 28 ವರ್ಷ ಸೈಕಾಲಜಿ ಪಾಠ ಮಾಡಿದವಳು. ಸವಿತಾ, ನಿಮ್ಮ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಎಲ್ಲರೂ ಒತ್ತಿದವರ ಬಗ್ಗೆ ಕೇಳುತ್ತಾರೆ, ನಿಂತವರ ಬಗ್ಗೆ ಕೇಳುವವರು ಕಡಿಮೆ.

ಮೊದಲು ಮಂಜಣ್ಣನವರಿಗೆ. ಕಲಿಯುವವನಿಗೆ, ಅಂದರೆ ಪಕ್ಕದ ಕೋಣೆಯಲ್ಲಿ ಉತ್ತರ ಹೇಳುವವನಿಗೆ, ಶಾಕ್ ಇರಲಿಲ್ಲ, ಸರಿ. ಆದರೆ ಸ್ವಿಚ್ ಒತ್ತುವವರಿಗೆ ನಂಬಿಕೆ ಬರಲಿ ಅಂತ ಅವರ ಕೈಗೆ 45 ವೋಲ್ಟಿನ ಒಂದು ನಿಜವಾದ ಶಾಕ್ ಕೊಟ್ಟು ತೋರಿಸುತ್ತಿದ್ದರು. ನೋವು ಜೋರಾಗಿರುತ್ತೆ, ಆದರೆ ಮೈಗೆ ಶಾಶ್ವತವಾಗಿ ಏನೂ ಆಗಲ್ಲ ಅಂತ ಬಾಯಿಮಾತಿನ ಭರವಸೆ ಕೂಡ ಇತ್ತು. ನೀವು ಕೇಳಿದ ಪ್ರಶ್ನೆ ಅಲ್ಲಿ ಕೂತವರಿಗೂ ಬಂದಿತ್ತು ಅನ್ನುವುದನ್ನು ನೆನಪಿಡಿ.

ಇನ್ನು ರಾಘು ಅವರ ಮಾತು. ಅರ್ಧ ಸರಿ. ಆದರೆ ನೀವು ಮಿಲ್‌ಗ್ರಾಂನ ಎರಡು ಬೇರೆ ಬೇರೆ ಪ್ರಯೋಗ ಸೇರಿಸಿಬಿಟ್ಟಿದ್ದೀರಿ. ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರ ಆಗಸ್ಟಿನಿಂದ 1962ರ ಮೇ ತನಕ ಯೇಲ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಯಲ್ಲಿ ಇದನ್ನು ಮಾಡಿದ. 1963ರಲ್ಲಿ ಅಚ್ಚಾದ ಮೊದಲನೆಯದರಲ್ಲಿ ಕಿರುಚಾಟವೂ ಇರಲಿಲ್ಲ, ಹೃದಯದ ಮಾತೂ ಇರಲಿಲ್ಲ. 300 ವೋಲ್ಟಿಗೆ ಬಂದಾಗ ಗೋಡೆ ಗುದ್ದಿದ ಸದ್ದು ಕೇಳುತ್ತೆ. 315ಕ್ಕೆ ಇನ್ನೊಮ್ಮೆ. ಆಮೇಲೆ ಸದ್ದೇ ಇಲ್ಲ. ಆ 40 ಗಂಡಸರಲ್ಲಿ 26 ಜನ 450 ಮುಟ್ಟಿದರು. ಉಳಿದ 14 ಜನರಲ್ಲಿ ಒಬ್ಬರೂ 300ಕ್ಕಿಂತ ಮೊದಲು ನಿಲ್ಲಲಿಲ್ಲ. ಐದು ಜನ 300 ಕೊಟ್ಟು, ಗುದ್ದಿದ ಸದ್ದು ಕೇಳಿ ನಿಂತರು. ನಾಲ್ಕು ಜನ 315ರ ನಂತರ. ಮಿಕ್ಕವರು ಅಲ್ಲಿಂದ ಸ್ವಲ್ಪ ಮುಂದೆ ಹೋಗಿ, 375ರ ಒಳಗೆ ನಿಂತರು.

ಹೃದಯದ ಮಾತು ಆಮೇಲೆ ಸೇರಿಸಿದ್ದು. ಅಲ್ಲೂ ಲೆಕ್ಕ 26 ಬಂತು, ಅದಕ್ಕೇ ಗೊಂದಲ. ಅಲ್ಲಿ ಕಲಿಯುವವನ ಧ್ವನಿ ಕೇಳುತ್ತಿತ್ತು. 75ಕ್ಕೆ ಮುಲುಗುತ್ತಾನೆ, 120ಕ್ಕೆ ನೋವಾಗ್ತಿದೆ ಅನ್ನುತ್ತಾನೆ, 150ಕ್ಕೆ "ನನ್ನನ್ನು ಹೊರಗೆ ಬಿಡಿ, ನಾನು ಇನ್ನು ಮುಂದುವರಿಯಲ್ಲ" ಅಂತ ಕೂಗುತ್ತಾನೆ. ಈ 150 ಅನ್ನುವ ಜಾಗ ಮುಖ್ಯ. ಮೊಮ್ಮಗಳನ್ನು ಟ್ಯೂಷನ್ನಿನಿಂದ ಕರೆದುಕೊಂಡು ಬಂದು ಮತ್ತೆ ಬರೆಯುತ್ತೇನೆ.

ಬಸವರಾಜ್, ಬೆಳಗಾವಿ

ಸವಿತಾ ಅಕ್ಕಾ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮೀಟಿಂಗಿನಲ್ಲಿ ಎದ್ದು ನಿಂತಿದ್ದರೆ "ಹಾಗಾದ್ರೆ ಬೈಕಿನ ದುಡ್ಡು ನೀವೇ ಕೊಡಿ" ಅಂತಿದ್ದರು. ನಿಮ್ಮ ಒಂದು ಕೈಯಿಂದ ಏನೂ ಬದಲಾಗ್ತಿರಲಿಲ್ಲ.

ಸವಿತಾ, ಮೈಸೂರು

ಬಸವರಾಜ್ ಅವರೇ, ಬದಲಾಗ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಪಂಪ್ ಹೌಸ್ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಅದು ಬರೀ ಒಂದು ಕೈ ಅಲ್ಲ.

ಕಿರಣ್ ಪಿ

ಮಿಲ್‌ಗ್ರಾಂ ಹೆಸರು ಬಂದ ಕೂಡಲೇ ಎಲ್ಲರೂ ನಂಬಿಬಿಡುತ್ತಾರೆ. ಜೀನಾ ಪೆರಿ ಎಂಬ ಆಸ್ಟ್ರೇಲಿಯಾದ ಲೇಖಕಿ ಯೇಲ್‌ನಲ್ಲಿರುವ ಟೇಪುಗಳನ್ನು ಕೂತು ಕೇಳಿದ್ದಾರೆ. ಪ್ರಯೋಗ ನಡೆಸುತ್ತಿದ್ದವನು ನಾಲ್ಕು ಮಾತು ಮಾತ್ರ ಹೇಳಬೇಕಿತ್ತು, ಆಮೇಲೂ ಒಪ್ಪದಿದ್ದರೆ ನಿಲ್ಲಿಸಬೇಕಿತ್ತು. ಟೇಪಿನಲ್ಲಿ ಅವನು ವಾದ ಮಾಡುತ್ತಾನೆ, ಮತ್ತೆ ಮತ್ತೆ ಒತ್ತಾಯಿಸುತ್ತಾನೆ. ಒಬ್ಬ ಹೆಂಗಸಿಗೆ 26 ಸಲ ಹೇಳಿದ್ದಾನೆ. ಇದನ್ನು ವಿಜ್ಞಾನ ಅಂತಾರಾ? ಜೊತೆಗೆ, ಶಾಕ್ ನಿಜ ಅಂತ ಪೂರ್ತಿ ನಂಬಿದ್ದೆವು ಅಂದವರು ಮಿಲ್‌ಗ್ರಾಂನ ಸ್ವಂತ ಲೆಕ್ಕದಲ್ಲೇ 56% ಮಾತ್ರ. ಉಳಿದವರಿಗೆ ಒಂದಲ್ಲ ಒಂದು ಅನುಮಾನ ಇತ್ತು. ಅನುಮಾನ ಇದ್ದವನು ಒತ್ತಿದರೆ ಅದರಿಂದ ಮನುಷ್ಯನ ಬಗ್ಗೆ ಏನು ಗೊತ್ತಾಗುತ್ತೆ?

ರಾಘು

ಹಾಗಾದ್ರೆ ಎಲ್ಲ ಸುಳ್ಳಾ? ಅಷ್ಟು ಪುಸ್ತಕದಲ್ಲಿ ಇದೆಯಲ್ಲ.

ನಾಗವೇಣಿ

ಬಂದೆ. ಕಿರಣ್ ಹೇಳಿದ್ದರಲ್ಲಿ ತುಂಬಾ ವಿಷಯ ಸರಿ. ಆ ಟೇಪುಗಳು ಮಿಲ್‌ಗ್ರಾಂಗೆ ಗೌರವ ತರುವಂಥವಲ್ಲ. ಇನ್ನೂ ಒಂದು ಕೆಟ್ಟ ವಿಷಯ ಇದೆ. ಪ್ರಯೋಗ ಮುಗಿದ ಮೇಲೆ ಎಷ್ಟೋ ಜನರಿಗೆ ಇದು ನಾಟಕ ಅಂತ ಪೂರ್ತಿ ಹೇಳಲೇ ಇಲ್ಲ. ತಿಂಗಳುಗಟ್ಟಲೆ ಆದ ಮೇಲೆ ಅಂಚೆಯಲ್ಲಿ ಕಾಗದ ಬಂದಾಗ ಗೊತ್ತಾಯಿತು. ಅಷ್ಟು ದಿನ ಆ ಜನ ಏನು ಅನುಭವಿಸಿರಬಹುದು ಅಂತ ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಆದರೆ ನಂಬಿಕೆಯ ವಿಷಯದಲ್ಲಿ ಒಂದು ಮಾತು ಸೇರಿಸಿ, ಕಿರಣ್. ಪೆರಿ ಮತ್ತು ಜೊತೆಯವರು ಹಳೆಯ ಕಾಗದಗಳನ್ನು ತೆಗೆದು 2020ರಲ್ಲಿ ಲೆಕ್ಕ ಹಾಕಿದರು. ಶಾಕ್ ನಿಜ ಅಂತ ನಂಬಿದವರೇ ಜಾಸ್ತಿ ಸಂಖ್ಯೆಯಲ್ಲಿ ನಿಂತಿದ್ದರು. ಇದರಿಂದ 65ರ ಲೆಕ್ಕ ಸಡಿಲ ಆಗುತ್ತೆ, ಒಪ್ಪುತ್ತೇನೆ. ಸವಿತಾಗೆ ಇದು ಒಳ್ಳೆಯ ಸುದ್ದಿ ಕೂಡ.

ಈಗ 150. ಡೊಮಿನಿಕ್ ಪ್ಯಾಕರ್ ಎಂಬುವವರು 2008ರಲ್ಲಿ ಮಿಲ್‌ಗ್ರಾಂನ ಎಂಟು ಪ್ರಯೋಗಗಳ ಅಂಕಿ ಜೋಡಿಸಿ ನೋಡಿದರು. ಜನ ಎಲ್ಲೆಲ್ಲೋ ಚೆದುರಿ ನಿಂತಿರಲಿಲ್ಲ. ಅತಿ ಹೆಚ್ಚು ಜನ ನಿಂತಿದ್ದು 150ರಲ್ಲಿ. ಅಲ್ಲಿ ನೋವು ಜಾಸ್ತಿಯಾಯಿತು ಅಂತ ನಿಂತರು ಅನ್ನುವ ಹಾಗಿಲ್ಲ. ಅದಾದ ಮೇಲೆ ಕಿರುಚಾಟ ಇನ್ನೂ ಜೋರಾಗುತ್ತೆ, ಆದರೆ ಅಲ್ಲಿ ನಿಲ್ಲುವವರು ಅಷ್ಟಾಗಿ ಹೆಚ್ಚಲ್ಲ. 150ರಲ್ಲಿ ಬದಲಾಗುವುದು ಒಂದೇ ವಿಷಯ. ಅಲ್ಲಿಯ ತನಕ ಕಲಿಯುವವನು ನರಳುತ್ತಿದ್ದ, ಅಲ್ಲಿ ಮೊದಲ ಸಲ "ನನಗೆ ಬೇಡ, ಬಿಡಿ" ಅಂತಾನೆ. ಅವನ ಒಪ್ಪಿಗೆ ಹೋಯಿತು. ಆ ಮಾತನ್ನು ಲೆಕ್ಕಕ್ಕೆ ತಗೊಂಡವರು ಅಲ್ಲೇ ನಿಂತರು. ಅದನ್ನು ದಾಟಿದವರಲ್ಲಿ ಹೆಚ್ಚಿನವರು ಕೊನೆಯ ತನಕ ಹೋದರು.

ಒಂದೊಂದು ಸ್ವಿಚ್ಚಿಗೂ ಮಧ್ಯೆ ಬರೀ 15 ವೋಲ್ಟ್. 165 ತಪ್ಪು ಅನ್ನಬೇಕಾದರೆ ಈಗತಾನೇ ಒತ್ತಿದ 150 ಕೂಡ ತಪ್ಪು ಅಂತ ಒಪ್ಪಿಕೊಳ್ಳಬೇಕು. ಒಂದು ಸ್ವಿಚ್ ದಾಟಿದ ಹಾಗೆಲ್ಲ ಅದು ಕಷ್ಟವಾಗುತ್ತೆ.

ಶಾಂತಾ ಸಿಸ್ಟರ್, ಹುಬ್ಬಳ್ಳಿ

ನಮ್ಮ ನರ್ಸಿಂಗಿನಲ್ಲಿ ಇದೇ ಥರದ ಒಂದು ಪ್ರಯೋಗ ಪಾಠದಲ್ಲಿ ಬರುತ್ತದೆ. 1966ರಲ್ಲಿ ಹಾಫ್ಲಿಂಗ್ ಎಂಬುವವರು ಪ್ರಕಟಿಸಿದ್ದು. ಗುರುತಿಲ್ಲದ ಡಾಕ್ಟರೊಬ್ಬರು ವಾರ್ಡಿಗೆ ಫೋನ್ ಮಾಡಿ, ಆಸ್ಟ್ರೋಟೆನ್ ಎಂಬ ಔಷಧಿ 20 ಮಿಲಿಗ್ರಾಂ ಕೊಡಿ, ಸಹಿ ಆಮೇಲೆ ಬಂದು ಹಾಕುತ್ತೇನೆ ಅನ್ನುತ್ತಾರೆ. ಡಬ್ಬಿಯ ಮೇಲೆ 10 ಮಿಲಿಗ್ರಾಂ ಮೀರಬಾರದು ಅಂತ ಬರೆದಿದೆ. 22 ನರ್ಸ್‌ಗಳಲ್ಲಿ 21 ಜನ ಕೊಡಲು ಹೊರಟರು. ಬಾಗಿಲ ಹತ್ತಿರ ತಡೆದು ನಿಲ್ಲಿಸಿದರು. ಡಬ್ಬಿಯಲ್ಲಿ ಇದ್ದದ್ದು ಏನೂ ಆಗದ ಸಕ್ಕರೆ ಗುಳಿಗೆ.

ನಮ್ಮ ಟ್ಯೂಟರ್ ಮೇಡಂ ಅಲ್ಲಿಗೇ ಬಿಡಲಿಲ್ಲ. 1977ರಲ್ಲಿ ಅದನ್ನೇ ಬೇರೆಯವರು ಇನ್ನೊಂದು ರೀತಿ ಮಾಡಿದರು. ಈ ಸಲ ನರ್ಸ್‌ಗಳಿಗೆ ಚೆನ್ನಾಗಿ ಗೊತ್ತಿರುವ ಔಷಧಿ, ವ್ಯಾಲಿಯಂ. ಪಕ್ಕದಲ್ಲಿ ಮಾತಾಡಲು ಇನ್ನೊಬ್ಬ ನರ್ಸ್ ಇರಬಹುದಿತ್ತು. 18 ಜನರಲ್ಲಿ ಇಬ್ಬರು ಮಾತ್ರ ಕೊಡಲು ಹೊರಟರು.

ನನಗೇ ಆದದ್ದು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿ ಎರಡು ಗಂಟೆ. ಸೀನಿಯರ್ ಡಾಕ್ಟರ್ ಫೋನಿನಲ್ಲಿ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಹೇಳಿದರು. ನನಗೆ ಕೇಳಿಸಿದ್ದು 25,000 ಯೂನಿಟ್. ವಯಲ್ ಮೇಲೂ 25,000 ಅಂತಲೇ ಬರೆದಿರುತ್ತದೆ, ಐದು ಎಂಎಲ್ ಸೇರಿ. ಹಾಗಾಗಿ ಮನಸ್ಸಿಗೆ ಸರಿ ಅನ್ನಿಸಿಬಿಟ್ಟಿತು. ಸಿರಿಂಜಿಗೆ ಎಳೆಯುತ್ತಿದ್ದೆ. ಪಕ್ಕದ ಬೆಡ್ಡಿನಲ್ಲಿ ಡ್ರಿಪ್ ಹಾಕುತ್ತಿದ್ದ ಇನ್ನೊಬ್ಬಳು ತಿರುಗಿ ನೋಡಿ "ಪೂರ್ತಿ ವಯಲ್ಲಾ?" ಅಂದಳು. ಅಷ್ಟೇ. ಎರಡೇ ಶಬ್ದ. ಮತ್ತೆ ಫೋನ್ ಮಾಡಿದೆ. ಅವರು ಹೇಳಿದ್ದು 5,000, ಅಂದರೆ ಒಂದೇ ಎಂಎಲ್.

ಅವತ್ತಿನಿಂದ ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡು, ಅವರಿಗೇ ಓದಿ ಹೇಳಿ, "ಹೌದು" ಅನ್ನಿಸಿಕೊಳ್ಳದೆ ನಾನು ಸಿರಿಂಜ್ ಮುಟ್ಟಿಲ್ಲ. ಯಾರು ಸಿಟ್ಟು ಮಾಡಿದರೂ ಸರಿ.

ಮಂಜಣ್ಣ, ತಿಪಟೂರು

ಸಿಸ್ಟರ್, ನಮ್ಮಲ್ಲೂ ಹಾಗೇ. ಲೈನ್ ಆಫ್ ಆಗಿದೆ ಅಂತ ಫೋನಿನಲ್ಲಿ ಎಷ್ಟೇ ದೊಡ್ಡವರು ಹೇಳಲಿ, ನಾನೇ ಟೆಸ್ಟ್ ಮಾಡಿ ಅರ್ಥಿಂಗ್ ಹಾಕದೆ ಕಂಬ ಹತ್ತಲ್ಲ. "ಆಫ್ ಆಗಿದೆ ಹತ್ತಪ್ಪಾ" ಅಂದದ್ದಕ್ಕೆ ಹತ್ತಿ ಹೋದವರನ್ನು ನೋಡಿದ್ದೇನೆ.

ಹರೀಶ್, ಮ್ಯೂನಿಕ್

ಇಲ್ಲಿ ಜರ್ಮನಿಯಲ್ಲಿ ಈ ವಿಷಯ ಬಂದರೆ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಕ್‌ಮನ್ ಹೆಸರು ಬಂದೇ ಬರುತ್ತದೆ. ಅವನ ವಿಚಾರಣೆ ಜೆರುಸಲೇಮಿನಲ್ಲಿ ಶುರುವಾದದ್ದು 1961ರ ಏಪ್ರಿಲ್‌ನಲ್ಲಿ, ಮಿಲ್‌ಗ್ರಾಂ ಶುರು ಮಾಡಿದ್ದು ಅದೇ ಆಗಸ್ಟಿನಲ್ಲಿ. "ನಾನು ಆಜ್ಞೆ ಪಾಲಿಸಿದೆ ಅಷ್ಟೇ" ಅಂತ ಐಕ್‌ಮನ್ ಹೇಳಿದ, ಅದು ಎಷ್ಟು ಸಹಜ ಅಂತ ಮಿಲ್‌ಗ್ರಾಂ ತೋರಿಸಿದ. ಇದೇ ಅಲ್ವಾ ಇದರ ತಿರುಳು?

ನಾಗವೇಣಿ

ಹರೀಶ್, ಐಕ್‌ಮನ್ ಕೋರ್ಟಿನಲ್ಲಿ ಹಾಗೆ ಹೇಳಿದ. ಆದರೆ ಅದಕ್ಕೂ ಮೊದಲು, 1957ರಲ್ಲಿ ಅರ್ಜೆಂಟೀನಾದಲ್ಲಿ ತಲೆಮರೆಸಿಕೊಂಡಿದ್ದಾಗ ಸಸ್ಸೆನ್ ಎಂಬ ಪತ್ರಕರ್ತನ ಟೇಪಿನ ಮುಂದೆ ಅವನು ಆಡಿದ ಮಾತು ಬೇರೆ. ಅಲ್ಲಿ ಪಶ್ಚಾತ್ತಾಪ ಇಲ್ಲ, ತಾನು ಮಾಡಿದ ಕೆಲಸದ ಹೆಮ್ಮೆ ಇದೆ. ಅವನು ಒಪ್ಪಿ, ನಂಬಿ, ಮುಂದೆ ಬಿದ್ದು ಮಾಡಿದವನು. ಬೇಡದ ಮನಸ್ಸಿನಿಂದ ಆಜ್ಞೆ ಪಾಲಿಸಿದವನಲ್ಲ.

ಇದಕ್ಕೂ ಮಿಲ್‌ಗ್ರಾಂನ ಕೋಣೆಗೂ ಒಂದು ಕೊಂಡಿ ಇದೆ. ಕಿರಣ್ ಹೇಳಿದ ಆ ನಾಲ್ಕು ಮಾತು ಯಾವುವು ನೋಡಿ. ಸ್ವಿಚ್ ಒತ್ತುವ ಮೇಷ್ಟ್ರ ಜಾಗದಲ್ಲಿ ಕೂತವರು ಹಿಂಜರಿದರೆ ಮೊದಲು "ದಯವಿಟ್ಟು ಮುಂದುವರಿಸಿ." ಆಮೇಲೆ "ಪ್ರಯೋಗಕ್ಕೆ ನೀವು ಮುಂದುವರಿಸುವುದು ಬೇಕಾಗಿದೆ." ಮೂರನೆಯದು "ನೀವು ಮುಂದುವರಿಸುವುದು ತೀರಾ ಅಗತ್ಯ." ನಾಲ್ಕನೆಯದು "ನಿಮಗೆ ಬೇರೆ ದಾರಿಯೇ ಇಲ್ಲ, ಮುಂದುವರಿಸಲೇಬೇಕು."

ಇವುಗಳಲ್ಲಿ ಆಜ್ಞೆ ಅನ್ನುವಂಥದ್ದು ನಾಲ್ಕನೆಯದು ಒಂದೇ. ಜೆರ್ರಿ ಬರ್ಗರ್ ಎಂಬುವವರು ಸ್ಯಾಂಟಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಈ ಪ್ರಯೋಗವನ್ನು ಮತ್ತೆ ಮಾಡಿ 2009ರಲ್ಲಿ ಪ್ರಕಟಿಸಿದರು. ಜನರಿಗೆ ಹಿಂಸೆಯಾಗಬಾರದು ಅಂತ 150ರಲ್ಲೇ ನಿಲ್ಲಿಸುತ್ತಿದ್ದರು. 70% ಜನ ಮುಂದಕ್ಕೆ ಹೋಗಲು ತಯಾರಿದ್ದರು. ಆದರೆ ನಾಲ್ಕನೆಯ ಮಾತು ಕೇಳಿಸಿಕೊಂಡವರಲ್ಲಿ ಒಬ್ಬರೂ ಮುಂದುವರಿಸಲಿಲ್ಲ. ಒಬ್ಬರೂ. "ಮಾಡಲೇಬೇಕು" ಅಂದಾಗ ಜನ ಎದ್ದು ನಿಂತರು. "ವಿಜ್ಞಾನಕ್ಕೆ ಇದು ಬೇಕು, ಸಹಾಯ ಮಾಡಿ" ಅನ್ನುವ ಹಾಗೆ ಕೇಳಿದಾಗ ಕೂತರು.

ಹಾಗಾಗಿ ಹ್ಯಾಸ್ಲಂ ಮತ್ತು ರೈಕರ್ ಎಂಬ ಇಬ್ಬರು ಹೇಳುವುದು ನನಗೆ ಸರಿ ಅನ್ನಿಸುತ್ತೆ. ಆ ಜನ ಕುರುಡಾಗಿ ಆಜ್ಞೆ ಪಾಲಿಸಲಿಲ್ಲ. ತಾವು ಒಂದು ಒಳ್ಳೆಯ ಕೆಲಸದಲ್ಲಿ ಪಾಲುದಾರರು ಅಂದುಕೊಂಡರು. ನಿಮ್ಮ ಟ್ರೇನಿಂಗಿನವರು ತಪ್ಪಿದ್ದು ಇಲ್ಲೇ, ಸವಿತಾ.

ಕಿರಣ್ ಪಿ

ಮೇಡಂ, ಇದು ನನಗೆ ಒಪ್ಪಿಗೆಯಾಗಲ್ಲ. ನಾಲ್ಕನೆಯ ಮಾತು ಯಾವಾಗಲೂ ಕೊನೆಗೇ ಬರುತ್ತದೆ. ಮೂರು ಸಲ ಬೇಡ ಅಂದವನಿಗೆ ಮಾತ್ರ ಅದನ್ನು ಹೇಳುತ್ತಾರೆ. ಅವನು ಆಗಲೇ ನಿಲ್ಲುವ ತೀರ್ಮಾನ ಮಾಡಿರುತ್ತಾನೆ. ಅವನು ಒಪ್ಪದೇ ಹೋದದ್ದು ಆ ಮಾತಿನಿಂದ ಅಂತ ಹೇಗೆ ಹೇಳುತ್ತೀರಿ?

ನಾಗವೇಣಿ

ಒಳ್ಳೆಯ ಪ್ರಶ್ನೆ. ಅದನ್ನೇ ಪರೀಕ್ಷಿಸಲು ಹ್ಯಾಸ್ಲಂ, ರೈಕರ್ ಮತ್ತು ಬರ್ನಿ 2014ರಲ್ಲಿ ಒಬ್ಬೊಬ್ಬರಿಗೆ ಒಂದೇ ಬಗೆಯ ಮಾತು ಹೇಳುವ ಹಾಗೆ ಬೇರೆ ಕೆಲಸ ಕೊಟ್ಟು ನೋಡಿದರು. ಅಲ್ಲೂ ನಾಲ್ಕನೆಯದೇ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿತು. ಆದರೆ ಅಲ್ಲಿ ಶಾಕ್ ಇರಲಿಲ್ಲ, ಜನರ ಚಿತ್ರಗಳಿಗೆ ಕೆಟ್ಟ ಪದ ಆರಿಸುವ ಕೆಲಸ. ಶಾಕಿನ ಕೋಣೆಗೆ ಅದು ಹೊಂದುತ್ತಾ ಅಂತ ನೀವು ಕೇಳಿದರೆ, ಆ ಅನುಮಾನ ಉಳಿಯುತ್ತೆ.

ಕಿರಣ್ ಪಿ

ಹೌದು, ಅದನ್ನೇ ಕೇಳುತ್ತಿದ್ದೇನೆ. ಪದ ಆರಿಸೋದು ಬೇರೆ, ಸ್ವಿಚ್ ಬೇರೆ.

ಅನನ್ಯ

ಮೇಡಂ, ಹೆಂಗಸರು ಕಡಿಮೆ ಒತ್ತಿದರಾ?

ನಾಗವೇಣಿ

ಇಲ್ಲ ಮಗಳೇ. 40 ಹೆಂಗಸರಲ್ಲೂ 26. ಸಂಕಟ ಮಾತ್ರ ಅವರಲ್ಲಿ ಹೆಚ್ಚು ಕಂಡಿತು ಅಂತ ಮಿಲ್‌ಗ್ರಾಂ ಬರೆದಿದ್ದಾನೆ.

ರಾಘು

ಸ್ಟ್ಯಾನ್‌ಫರ್ಡ್ ಬಗ್ಗೆ ಏನೂ ಹೇಳಲಿಲ್ಲ?

ನಾಗವೇಣಿ

ಚಿಕ್ಕದಾಗಿ ಹೇಳುತ್ತೇನೆ, ಅದು ಬೇರೆ ಚರ್ಚೆ. 1971ರದ್ದು, ಆರನೇ ದಿನಕ್ಕೆ ನಿಂತಿತು. "ಯಾರೂ ಹೇಳಿಕೊಡಲಿಲ್ಲ" ಅನ್ನುವುದು ಸರಿಯಲ್ಲ. ಗಟ್ಟಿಯಾಗಿ ನಡೆದುಕೊಳ್ಳದ ಒಬ್ಬ ಕಾವಲುಗಾರನನ್ನು, ಇನ್ನೂ ಕಠಿಣವಾಗಿರು ಅಂತ ಪ್ರಯೋಗದ ಕಡೆಯವರೇ ಒತ್ತಾಯಿಸುವ ಟೇಪ್ ಇದೆ. ಅಲ್ಲೂ "ಒಳ್ಳೆಯ ಕೆಲಸಕ್ಕೆ ಸಹಾಯ ಮಾಡು" ಅನ್ನುವ ಧಾಟಿಯೇ.

ಸವಿತಾ, ಮೈಸೂರು

ಎಲ್ಲವನ್ನೂ ಎರಡೆರಡು ಸಲ ಓದಿದೆ. ಆದರೆ ನನಗೆ ಯಾರೂ ಮುಂದುವರಿಸಿ ಅಂತ ಹೇಳಲಿಲ್ಲವಲ್ಲ ಮೇಡಂ. ಸೆಕ್ರೆಟರಿ ನನ್ನ ಮುಖ ಕೂಡ ನೋಡಲಿಲ್ಲ. ಕೈ ತಾನಾಗಿ ಹೋಯಿತು.

ನಾಗವೇಣಿ

ಅದಕ್ಕೇ ನಿಮ್ಮ ಮೀಟಿಂಗ್ ಮಿಲ್‌ಗ್ರಾಂಗಿಂತ ಆ್ಯಶ್‌ನ ಪ್ರಯೋಗಕ್ಕೆ ಹತ್ತಿರ. ಮಿಲ್‌ಗ್ರಾಂ ಇದೇ ಸಾಲಮನ್ ಆ್ಯಶ್ ಕೈಕೆಳಗೆ ಕೆಲಸ ಮಾಡಿದವನು.

1950ರ ಆಸುಪಾಸು, ಸ್ವಾರ್ಥ್‌ಮೋರ್ ಕಾಲೇಜು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಯಾವುದು ಸಮ ಅಂತ ಸಾಲಾಗಿ ಕೂತವರು ಜೋರಾಗಿ ಹೇಳಬೇಕು. ಮಗುವಿಗೂ ಗೊತ್ತಾಗುವ ಉತ್ತರ. ಆದರೆ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. 18 ಸುತ್ತಿನಲ್ಲಿ 12 ಸಲ ಎಲ್ಲರೂ ಒಟ್ಟಿಗೆ ತಪ್ಪು ಹೇಳುತ್ತಾರೆ. ನಮ್ಮ ಮನುಷ್ಯನ ಸರದಿ ಸಾಲಿನ ಕೊನೆಯ ಹತ್ತಿರ ಬರುತ್ತೆ. ಅವನು ಕಾರ್ಡು ನೋಡುತ್ತಾನೆ, ಪಕ್ಕದವರನ್ನು ನೋಡುತ್ತಾನೆ, ಕಣ್ಣು ಕಿರಿದು ಮಾಡುತ್ತಾನೆ. ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ತಪ್ಪು ಉತ್ತರವೇ ಬಾಯಿಂದ ಬಂತು. ನಾಲ್ಕರಲ್ಲಿ ಒಬ್ಬರಷ್ಟು ಜನ ಮಾತ್ರ ಒಮ್ಮೆಯೂ ಬಾಗಲಿಲ್ಲ.

ಆಮೇಲೆ ಆ್ಯಶ್ ಅವರನ್ನು ಕೂರಿಸಿ ಮಾತಾಡಿಸಿದ. ಕೆಲವರು ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ ಅಂದರು. ಕೆಲವರು ನಿಮ್ಮ ಪ್ರಯೋಗ ಹಾಳಾಗಬಾರದು ಅಂತ ಹೇಳಿದೆ ಅಂದರು. ಇನ್ನು ಕೆಲವರಿಗೆ ಗುಂಪು ತಪ್ಪು ಅಂತ ಚೆನ್ನಾಗಿ ಗೊತ್ತಿತ್ತು, ಒಬ್ಬನೇ ಬೇರೆಯಾಗಿ ಕಾಣುವುದು ಬೇಡವಾಗಿತ್ತು.

ಸಾಲಿನಲ್ಲಿ ಒಬ್ಬ ಸರಿ ಉತ್ತರ ಹೇಳಿದರೆ ಸಾಕು, ಆ ತಪ್ಪುಗಳು ಹೆಚ್ಚುಕಡಿಮೆ ನಾಲ್ಕನೇ ಒಂದಕ್ಕೆ ಇಳಿದವು. ಉತ್ತರ ಜೋರಾಗಿ ಹೇಳದೆ ಚೀಟಿಯಲ್ಲಿ ಬರೆಯಿರಿ ಅಂದರೂ ತುಂಬಾ ಇಳಿದವು. ಮಿಲ್‌ಗ್ರಾಂ ಕೂಡ ಇದನ್ನು ಮಾಡಿ ನೋಡಿದ. ಶಾಕ್ ಕೊಡುವ ಕೆಲಸಕ್ಕೆ ಮೂವರು, ಅದರಲ್ಲಿ ಇಬ್ಬರು ಅವನ ಕಡೆಯವರು. ಒಬ್ಬ 150ರಲ್ಲಿ ಎದ್ದು ಹೋಗುತ್ತಾನೆ, ಇನ್ನೊಬ್ಬ 210ರಲ್ಲಿ. ಉಳಿದ ನಿಜವಾದ ಮನುಷ್ಯ? 40 ಜನರಲ್ಲಿ ಕೊನೆಯ ತನಕ ಹೋದವರು ನಾಲ್ಕೇ. ಅದೇ, ಸ್ವಿಚ್ ಒತ್ತುವ ಕೆಲಸ ಬೇರೆಯವನದು, ನೀವು ಪಕ್ಕದಲ್ಲಿ ಕೂತು ಪ್ರಶ್ನೆ ಮಾತ್ರ ಓದಿ ಅಂದಾಗ 40ರಲ್ಲಿ 37 ಜನ ಕೊನೆಯ ತನಕ ಕೂತರು.

ನಿಮ್ಮ ಮೀಟಿಂಗಿನಲ್ಲಿ ಕೈ ಎತ್ತಿಸುವ ಬದಲು ಚೀಟಿ ಹಂಚಿದ್ದರೆ ನೀವು ಏನು ಬರೆಯುತ್ತಿದ್ದಿರಿ?

ಸವಿತಾ, ಮೈಸೂರು

ಬೇಡ ಅಂತ ಬರೆಯುತ್ತಿದ್ದೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಬಸವರಾಜ್, ಬೆಳಗಾವಿ

ನಮ್ಮ ಸೊಸೈಟಿಯ ಚುನಾವಣೆಯಲ್ಲಿ ಚೀಟಿ ಇದ್ದರೂ ಯಾರು ಯಾರಿಗೆ ಹಾಕಿದರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತದೆ. ಚೀಟಿಯಿಂದ ಎಲ್ಲ ಸರಿ ಹೋಗಲ್ಲ ಮೇಡಂ.

ಹರೀಶ್, ಮ್ಯೂನಿಕ್

ಐಕ್‌ಮನ್ ಬಗ್ಗೆ ನಾನು ಹೇಳಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಸಸ್ಸೆನ್ ಟೇಪಿನ ವಿಷಯ ಕೇಳಿದ್ದೆ, ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಒಂದು ಪ್ರಶ್ನೆ. ಒಂಟಿಯಾಗಿ ನಿಂತವರು ಇದ್ದರಲ್ಲ, ಅವರು ಏನು ಮಾತಾಡಿದರು? ಸವಿತಾ ಅವರೂ ಅದನ್ನೇ ಕೇಳಿದ್ದು.

ನಾಗವೇಣಿ

ಹೌದು, ಅದು ಬಾಕಿ ಉಳಿಯಿತು. ಇಬ್ಬರ ಮಾತು ನನಗೆ ಪಾಠ ಮಾಡಿ ಮಾಡಿ ಬಾಯಿಗೆ ಬಂದಿದೆ.

ಒಬ್ಬರು ಹಾಲೆಂಡಿನಿಂದ ಬಂದ 32 ವರ್ಷದ ಎಂಜಿನಿಯರ್. ವಿದ್ಯುತ್ತಿನ ಕೆಲಸ ಗೊತ್ತಿದ್ದವರು, ಮಂಜಣ್ಣನವರ ಹಾಗೆ. ತಾನೂ ಶಾಕ್ ತಿಂದವನು, ಅದು ಹೇಗಿರುತ್ತೆ ಅಂತ ಗೊತ್ತು ಅಂದರು. 255ರಲ್ಲಿ ನಿಂತರು. "ನಿಮಗೆ ಬೇರೆ ದಾರಿಯೇ ಇಲ್ಲ" ಅಂದಾಗ, ಯಾಕಿಲ್ಲ, ಇದೆ, ನಾನು ನನ್ನ ಇಷ್ಟದಿಂದ ಇಲ್ಲಿಗೆ ಬಂದವನು, ಸಂಶೋಧನೆಗೆ ಸಹಾಯವಾಗಲಿ ಅಂತ ಬಂದೆ, ಅದಕ್ಕಾಗಿ ಒಬ್ಬರಿಗೆ ನೋವು ಕೊಡಬೇಕು ಅಂದರೆ ನನ್ನಿಂದ ಆಗಲ್ಲ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು. ನಾನು ಬಹುಶಃ ಆಗಲೇ ಜಾಸ್ತಿ ದೂರ ಹೋಗಿಬಿಟ್ಟಿದ್ದೇನೆ. ತಪ್ಪು ಯಾರದು ಅಂತ ಕೇಳಿದಾಗ ಪೂರ್ತಿ ನನ್ನದು ಅಂದರು.

ಇನ್ನೊಬ್ಬರು ಹಿಟ್ಲರನ ಕಾಲದ ಜರ್ಮನಿಯಲ್ಲಿ ಬೆಳೆದು ಅಮೆರಿಕಕ್ಕೆ ಬಂದ ಹೆಂಗಸು, ವೈದ್ಯಕೀಯ ತಂತ್ರಜ್ಞೆ. 210ರಲ್ಲಿ ನಿಂತರು. ಕೂಗಾಡಲಿಲ್ಲ, ನಡುಗಲಿಲ್ಲ. ನಾವಿಬ್ಬರೂ ನಮ್ಮ ಇಷ್ಟದಿಂದ ಬಂದವರಲ್ಲವೇ, ಅವರಿಗೆ ಬೇಡ ಅಂದ ಮೇಲೆ ಮುಗಿಯಿತು ಅಂತ ಸಮಾಧಾನವಾಗಿ ಹೇಳಿದರು.

ಎಲ್ಲರೂ ಹೀಗಿರಲಿಲ್ಲ. ಕೊನೆಯ ತನಕ ಒತ್ತಿದವರಲ್ಲಿ ಎಷ್ಟೋ ಜನ ಬೆವರಿದರು, ನಡುಗಿದರು, ತುಟಿ ಕಚ್ಚಿದರು, ಇದು ಸರಿಯಲ್ಲ ಅಂತ ಬಾಯಲ್ಲಿ ಹೇಳುತ್ತಲೇ ಒತ್ತಿದರು. ಪ್ರಯೋಗ ನಡೆಸುವವನು ಕೋಣೆಯಿಂದ ಹೊರಗೆ ಹೋಗಿ ಫೋನಿನಲ್ಲಿ ಹೇಳಿದಾಗ 40ರಲ್ಲಿ ಸುಮಾರು ಎಂಟೊಂಬತ್ತು ಜನ ಮಾತ್ರ ಕೊನೆಯ ತನಕ ಹೋದರು. ಕೆಲವರು ಹೆಚ್ಚಿಸುತ್ತಿದ್ದೇನೆ ಅಂತ ಫೋನಿನಲ್ಲಿ ಸುಳ್ಳು ಹೇಳಿ, ಕಡಿಮೆ ವೋಲ್ಟಿನ ಸ್ವಿಚ್ಚನ್ನೇ ಒತ್ತುತ್ತಿದ್ದರು. ಪಾಪ, ಎದುರು ನಿಂತು ಬೇಡ ಅನ್ನಲು ಆಗದೆ ಅಷ್ಟಾದರೂ ಮಾಡಿದರು.

ಶಾಂತಾ ಸಿಸ್ಟರ್, ಹುಬ್ಬಳ್ಳಿ

"ಆಗಲೇ ಜಾಸ್ತಿ ದೂರ ಹೋಗಿಬಿಟ್ಟಿದ್ದೇನೆ" ಅಂತ ಹೇಳಿ ನಿಂತರಲ್ಲ, ಅದು ದೊಡ್ಡದು. ನಾನಾಗಿದ್ದರೆ ಇಷ್ಟು ಕೊಟ್ಟಾಗಿದೆ ಅಂತ ಮುಂದಕ್ಕೇ ಹೋಗಿಬಿಡುತ್ತಿದ್ದೆನೋ ಏನೋ.

ಕಿರಣ್ ಪಿ

ಆ ಎಂಜಿನಿಯರ್ ಮಾತು ಟೇಪಿನಲ್ಲೇ ಇದೆ, ಅದರಲ್ಲಿ ನನಗೂ ಅನುಮಾನ ಇಲ್ಲ. ಒಟ್ಟು ಲೆಕ್ಕಕ್ಕಿಂತ ಒಬ್ಬೊಬ್ಬರ ಟೇಪ್ ಕೇಳುವುದೇ ಮೇಲು ಅಂತ ನನ್ನ ಅಭಿಪ್ರಾಯ. 65 ಅನ್ನುವ ಅಂಕಿಯನ್ನು ಟ್ರೇನಿಂಗುಗಳಲ್ಲಿ ಹೇಳುವುದನ್ನೇ ನಿಲ್ಲಿಸಬೇಕು.

ಮಂಜಣ್ಣ, ತಿಪಟೂರು

ಸವಿತಮ್ಮ, ಒಂದು ಕೇಳುತ್ತೇನೆ. ನಿಮ್ಮ ಪಂಪ್ ಹೌಸಿನಲ್ಲಿ ಮೋಟರ್ ಆನ್ ಆಫ್ ಬರೆಯುವ ಪುಸ್ತಕ ಇದೆಯಾ? ಬಹಳ ಕಡೆ ಪ್ಯಾನೆಲ್ ಪಕ್ಕದಲ್ಲೇ ದಾರ ಕಟ್ಟಿ ನೇತು ಹಾಕಿರುತ್ತಾರೆ. ಅವರು ಆ ರಾತ್ರಿ ಬರೆದಿದ್ದರೆ ಟೈಮ್ ಸಿಗುತ್ತದೆ.

ಸವಿತಾ, ಮೈಸೂರು

ಅಣ್ಣಾ, ಈಗ ಹೋಗಿ ನೋಡಿಕೊಂಡು ಬಂದೆ. ಪುಸ್ತಕ ಇದೆ. ಆ ದಿನದ ಸಾಲಿನಲ್ಲಿ ಅವರ ಕೈಬರಹದಲ್ಲೇ ಇದೆ. 10.40ಕ್ಕೆ ಆನ್, 11.15ಕ್ಕೆ ಆಫ್, ಕೆಳಗೆ ನಮ್ಮ ಮನೆ ನಂಬರ್. ಫೋಟೋ ತೆಗೆದುಕೊಂಡಿದ್ದೇನೆ. ನನ್ನ ಫೋನಿನಲ್ಲಿ ನಾನು ಅವರಿಗೆ ಮಾಡಿದ ಕರೆಯ ಸಮಯ 10.32.

ಇನ್ನೊಂದು. ಮೆಟ್ಟಿಲ ಹತ್ತಿರ ಎರಡನೇ ಮಹಡಿಯ ಅತ್ತಿಗೆ ಸಿಕ್ಕಿದರು. ವಿಷಯ ಹೇಳಿದೆ. ಅವರು "ನಂಗೂ ಅವತ್ತು ಸರಿ ಅನ್ನಿಸಲಿಲ್ಲ, ನೀವು ಕೈ ಎತ್ತಿದ್ದು ನೋಡಿ ನಾನೂ ಎತ್ತಿದೆ" ಅಂದರು.

ಭಾನುವಾರ ಮೀಟಿಂಗ್ ಇದೆ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂರುತ್ತೇವೆ. ವಾಚ್‌ಮನ್ ಈಗ ನಂಜನಗೂಡಿನ ಕಡೆ ಎಲ್ಲೋ ಇದ್ದಾರೆ ಅಂತ ಹಾಲಿನವರು ಹೇಳಿದರು. ಅವರ ಹಳೇ ನಂಬರಿಗೆ ಮೂರು ಸಲ ಮಾಡಿದೆ, ಸ್ವಿಚ್ ಆಫ್ ಬರುತ್ತಿದೆ.